ಖಾರವಿಲ್ಲ, ಚೆಲ್ಲಿದೆ, ತಡವಾಯಿತು

ಒಂದು ಸಣ್ಣ ಲೆಕ್ಕದಿಂದ ಮಾತು ಶುರು ಮಾಡುತ್ತೇನೆ. ಹಾವೇರಿ ಜಿಲ್ಲೆಯ ಒಬ್ಬ ವ್ಯಾಪಾರಿ ಆನ್‌ಲೈನ್ ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾರುತ್ತಿದ್ದಾರೆ ಎಂದು ಇಟ್ಟುಕೊಳ್ಳಿ. ವ್ಯಾಪಾರಿ ಕಲ್ಪಿತ, ಅಂಕಿಗಳೂ ಲೆಕ್ಕ ಬಿಡಿಸಿ ತೋರಿಸುವುದಕ್ಕೆ ಹಾಕಿಕೊಂಡವು. ಇದುವರೆಗೆ 2,400 ಮಂದಿ ಆ ಪುಡಿಗೆ ರೇಟಿಂಗ್ ಕೊಟ್ಟಿದ್ದಾರೆ, ಸರಾಸರಿ 4.2 ನಕ್ಷತ್ರ. ಒಂದು ವಾರ ಎಲ್ಲೋ ಏನೋ ಕೆಡುತ್ತದೆ. ಆ ವಾರ ಬಂದ 20 ಹೊಸ ರೇಟಿಂಗ್‌ಗಳ ಸರಾಸರಿ ಬರೀ 2.5. ಹಳೆಯ ಮೊತ್ತಕ್ಕೆ ಇದನ್ನು ಕೂಡಿಸಿ ಭಾಗಿಸಿದರೆ 4.19 ಬರುತ್ತದೆ. ಪರದೆಯ ಮೇಲೆ ಕಾಣುವುದು ಮತ್ತೆ ಅದೇ 4.2. ಎರಡನೆಯ ವಾರವೂ ಇಷ್ಟೇ ಕೆಟ್ಟದ್ದು, ಪರದೆಯ ಮೇಲೆ 4.2. ಮೂರನೆಯ ವಾರವೂ 4.2. ನಾಲ್ಕನೆಯ ವಾರ ಕಳೆದ ಮೇಲೆ ಆ ಅಂಕಿ ಮೊದಲ ಸಲ ಕದಲಿ 4.1 ಆಗುತ್ತದೆ. ವಾರಕ್ಕೆ ನಾನೂರು ಪೊಟ್ಟಣ ಹೋಗುವ ಅಂಗಡಿಯಾದರೆ ಅಷ್ಟರಲ್ಲಿ ಸಾವಿರದ ಆರುನೂರು ಪೊಟ್ಟಣ ಮನೆಮನೆ ಸೇರಿಯಾಗಿದೆ. ಇದು ಸರಳ ಸರಾಸರಿಯ ಲೆಕ್ಕ. ಅಮೆಜಾನ್‌ನಂಥ ಕಡೆ ರೇಟಿಂಗನ್ನು ಹೀಗೆ ಬರಿದೇ ಕೂಡಿ ಭಾಗಿಸುವುದಿಲ್ಲ. ರಿವ್ಯೂ ಎಷ್ಟು ಹೊಸದು, ಬರೆದವರು ಅಲ್ಲೇ ಕೊಂಡವರೋ ಎಂಬುದನ್ನೆಲ್ಲ ತೂಗಿ ನೋಡುತ್ತಾರೆ. ಆದರೂ ಎರಡು ಸಾವಿರದ ರಾಶಿಯೊಳಗೆ ಇಪ್ಪತ್ತು ಬೆರೆಸಿದರೆ ಇಪ್ಪತ್ತರ ಗುಣ ಕಾಣುವುದಿಲ್ಲ ಎಂಬುದು ಸೂತ್ರ ಬದಲಾದರೂ ಬಹುಮಟ್ಟಿಗೆ ನಿಜವೇ.

ಆದ್ದರಿಂದಲೇ ಅನೇಕ ಮಾರಾಟಗಾರರು ವಾರಕ್ಕೊಮ್ಮೆ ತಮ್ಮ ಸೆಲ್ಲರ್ ಅಕೌಂಟಿನ ರಿವ್ಯೂಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿಕೊಳ್ಳುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಆ ಹಾಳೆ ಸಾಮಾನ್ಯವಾಗಿ ಹೇಗಿರುತ್ತದೆ? ಐದು ನಕ್ಷತ್ರ ಇಷ್ಟು, ನಾಲ್ಕು ಇಷ್ಟು, ಒಂದು ಇಷ್ಟು. ಕೆಳಗೆ ಅತಿ ಹೆಚ್ಚು ಸಲ ಬಂದ ದೂರು ಇಂಥದ್ದು ಎಂದು ಎಣಿಕೆಯ ಪ್ರಕಾರ ಮೇಲಿಂದ ಕೆಳಕ್ಕೆ ಒಂದು ಪಟ್ಟಿ. ಈ ಜೋಡಣೆಯೇ ತಪ್ಪು ಎಂಬುದು ನನ್ನ ವಾದ. ಮತ್ತೆ ಮತ್ತೆ ಕೇಳಿಬರುವ ಮಾತು ಬೇರೆ, ಮತ್ತೆ ಮತ್ತೆ ಆಗುತ್ತಿರುವ ತಪ್ಪು ಬೇರೆ. ಮೊದಲನೆಯದನ್ನು ಎಣಿಸಿದರೆ ಸಾಕು. ಎರಡನೆಯದು ಸಿಕ್ಕಬೇಕಾದರೆ ದೂರನ್ನು ಮಾರಾಟದ ಲೆಕ್ಕದ ಎದುರು ಇಡಬೇಕು, ಹಿಂದಿನ ವಾರಗಳ ಎದುರು ಇಡಬೇಕು, ಆಮೇಲೆ ಅದು ಯಾರ ಕೈಯಲ್ಲಿ ಹುಟ್ಟಿತು ಎಂದು ಕೇಳಬೇಕು. ಹೀಗೆ ಮಾಡಿದಾಗ ಪಟ್ಟಿಯ ತುದಿಯಲ್ಲಿದ್ದದ್ದು ಕೆಳಕ್ಕಿಳಿದು, ನಡುವೆ ಎಲ್ಲೋ ಮುದುಡಿಕೊಂಡಿದ್ದದ್ದು ಮೇಲೆ ಬರುವುದು ಅಪರೂಪವೇನಲ್ಲ.

ಬ್ಯಾಡಗಿ ಮೆಣಸಿನಕಾಯಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಮೆಣಸಿನಕಾಯಿಯ ಹೆಸರು ಇರುವುದು ಬಣ್ಣಕ್ಕೆ. ಡಬ್ಬಿಯಾಗಲಿ ಕಡ್ಡಿಯಾಗಲಿ, ಸುಕ್ಕುಗಟ್ಟಿದ ಸಿಪ್ಪೆಯ ಈ ಕಾಯಿ ಸಾರಿಗೆ ಕಡುಗೆಂಪು ಕೊಡುತ್ತದೆ; ನಾಲಿಗೆಯನ್ನು ಮಾತ್ರ ಅಷ್ಟಾಗಿ ಸುಡುವುದಿಲ್ಲ. ಖಾರ ಬೇಕಾದವರು ಗುಂಟೂರನ್ನು ಬೆರೆಸುತ್ತಾರೆ. ಸಾರಿನ ಪುಡಿ ಮಾಡುವ ನಮ್ಮ ಅನೇಕ ಮನೆಗಳಲ್ಲಿ ಬಣ್ಣಕ್ಕೆ ಇದು, ಖಾರಕ್ಕೆ ಅದು ಎಂಬ ಹಂಚಿಕೆ ಮೊದಲಿಂದಲೂ ಇದೆ. ಇದು ಗೊತ್ತಿಲ್ಲದೆ ಕೊಂಡವರು ಏನು ಬರೆಯುತ್ತಾರೆ ಎಂಬುದನ್ನು ನೀವೇ ಊಹಿಸಬಹುದು.

ಹಾಳೆ ಬರೆಯುವ ಮೊದಲು, ಯಾವ ಯಾವ ಡಬ್ಬಿಯಿಂದ ಚೀಟಿಗಳು ಬರುತ್ತಿವೆ ಎಂದು ನೋಡಿಕೊಳ್ಳಬೇಕು. ಅಮೆಜಾನ್‌ನಲ್ಲಿ ಪುಡಿಯ ಬಗ್ಗೆ ಬರೆಯುವ ರಿವ್ಯೂ ಒಂದು ಕಡೆ, ಮಾರಿದವರ ಬಗ್ಗೆ ಬರೆಯುವ ಸೆಲ್ಲರ್ ಫೀಡ್‌ಬ್ಯಾಕ್ ಇನ್ನೊಂದು ಕಡೆ. ಎರಡಕ್ಕೂ ಐದು ನಕ್ಷತ್ರಗಳೇ ಇರುವುದರಿಂದ ಕೊಂಡವರು ಒಂದರಲ್ಲಿ ಬರೆಯಬೇಕಾದ್ದನ್ನು ಇನ್ನೊಂದರಲ್ಲಿ ಬರೆಯುತ್ತಾರೆ. ಮಾರುವವರಿಗೆ ಮಾತ್ರ ಈ ವ್ಯತ್ಯಾಸ ಪ್ರಾಣಸಂಕಟದ್ದು. ಸೆಲ್ಲರ್ ಫೀಡ್‌ಬ್ಯಾಕಿನಲ್ಲಿ ಒಂದು ಅಥವಾ ಎರಡು ನಕ್ಷತ್ರ ಬಿದ್ದರೆ ಅದು ಆರ್ಡರ್ ಡಿಫೆಕ್ಟ್ ರೇಟ್ ಎಂಬ ಲೆಕ್ಕಕ್ಕೆ ಸೇರುತ್ತದೆ. ಅರವತ್ತು ದಿನಗಳ ಆರ್ಡರುಗಳಲ್ಲಿ ಅದು ನೂರಕ್ಕೆ ಒಂದರ ಒಳಗೆ ಇರಬೇಕು, ಮೀರಿದರೆ ಅಕೌಂಟಿಗೇ ಕುತ್ತು. ಪುಡಿಯ ರಿವ್ಯೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಕಣ್ಣೆಲ್ಲ ಫೀಡ್‌ಬ್ಯಾಕಿನ ಮೇಲೆ, ಪುಡಿಯ ಬಗ್ಗೆ ಬಂದದ್ದು ಬಿಡುವಾದಾಗ ಓದಿದರಾಯಿತು ಎಂಬ ರೂಢಿ ಬೆಳೆಯುತ್ತದೆ. ಮೂರನೆಯ ಡಬ್ಬಿ ಮಾತಿಲ್ಲದ್ದು: ಹಣ ವಾಪಸು ಕೇಳಿದವರು ಗುರುತು ಹಾಕಿದ ಕಾರಣಗಳು. ಇವು ನೀರಸ, ಆದರೆ ಆರ್ಡರ್ ನಂಬರ್ ಸಮೇತ ಬರುತ್ತವೆ. ಪುಡಿಯ ರಿವ್ಯೂ ಬರೆದವರ ಆರ್ಡರ್ ಯಾವುದು ಎಂದು ಮಾರಾಟಗಾರರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಹಾಗಾಗಿ ಒಂದರಲ್ಲಿ ಮಾತು ಸಿಗುತ್ತದೆ, ಇನ್ನೊಂದರಲ್ಲಿ ವಿಳಾಸ ಸಿಗುತ್ತದೆ. ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಕೂರಿಸಬೇಕು.

ಇನ್ನು ಓದುವ ಕೆಲಸ. ಒಂದು ನಕ್ಷತ್ರದವನ್ನು ಮಾತ್ರ ಓದುವುದು ಅನೇಕರು ಮಾಡುವ ತಪ್ಪು. ಸಿಟ್ಟಾದವರು ಅಲ್ಲಿರುತ್ತಾರೆ, ನಿಜ. ಆದರೆ ಕೆಲಸಕ್ಕೆ ಬರುವ ದೂರು ಬಹಳ ಸಲ ನಾಲ್ಕು ಮತ್ತು ಐದು ನಕ್ಷತ್ರಗಳ ಒಳಗೆ, ‘ಆದ್ರೆ’ ಎಂಬ ಮಾತಿನ ಆಚೆ ಇರುತ್ತದೆ. ‘ಬಣ್ಣ ಸೂಪರ್, ಮನೇಲೆಲ್ಲ ಇಷ್ಟ ಆಯ್ತು, ಆದ್ರೆ ಪ್ಯಾಕೆಟ್ ಬಾಯಿ ಬಿಟ್ಕೊಂಡಿತ್ತು.’ ಹೀಗೆ ಬರೆದವರಿಗೆ ಯಾರ ಮೇಲೂ ಹಗೆಯಿಲ್ಲ, ಹಣ ವಾಪಸು ಬೇಕಿಲ್ಲ, ಪುಡಿಯನ್ನು ಮತ್ತೆ ಕೊಳ್ಳುವ ಮನಸ್ಸೂ ಇದೆ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾರೆ. ಸಾಕ್ಷಿಯಾಗಿ ಇವರು ಒಂದು ನಕ್ಷತ್ರದವರಿಗಿಂತ ಮೇಲು. ನಕ್ಷತ್ರದ ಲೆಕ್ಕ ಇವರನ್ನು ತೃಪ್ತರ ಸಾಲಿಗೆ ಸೇರಿಸಿ ಮುಂದೆ ಹೋಗುತ್ತದೆ.

ಪದಗಳನ್ನು ಎಣಿಸಿ ದೂರು ಹುಡುಕುತ್ತೇವೆ ಎನ್ನುವವರಿಗೆ ನಮ್ಮ ದೇಶದ ರಿವ್ಯೂಗಳು ಒಂದು ಪರೀಕ್ಷೆ. ಒಂದೇ ದೂರು ಕನ್ನಡ ಲಿಪಿಯಲ್ಲಿ ‘ಖಾರ ಇಲ್ಲ’ ಎಂದು ಬರುತ್ತದೆ. ಅದೇ ಕನ್ನಡ ಇಂಗ್ಲಿಷ್ ಅಕ್ಷರ ಹಾಕಿಕೊಂಡು ಬರುತ್ತದೆ. ಹಿಂದಿಯವರು ‘ತೀಖಾ ನಹೀ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಒಬ್ಬರು ಮೈಲ್ಡ್ ಎಂದರೆ ಇನ್ನೊಬ್ಬರು ಸಪ್ಪೆ ಎಂಬರ್ಥದ ಮತ್ತೊಂದು ಪದ ಹಾಕುತ್ತಾರೆ. ಐದು ಪದ, ಒಂದೇ ದೂರು. ಇನ್ನೊಂದು ತಮಾಷೆಯೆಂದರೆ ನಮ್ಮಲ್ಲಿ ಖಾರ ಎಂದರೆ ರುಚಿಯೂ ಹೌದು, ಪುಡಿಯೂ ಹೌದು. ‘ಖಾರ ಚೆಲ್ಲಿತ್ತು’ ಎಂದು ಬರೆದವರು ರುಚಿಯ ಮಾತೇ ಆಡುತ್ತಿಲ್ಲ. ‘ಲೀಕ್ ಆಗಿರ್ಲಿಲ್ಲ, ಪ್ಯಾಕಿಂಗ್ ಚೆನ್ನಾಗಿದೆ’ ಎಂಬ ಹೊಗಳಿಕೆಯನ್ನು ಲೀಕ್ ಎಂಬ ಪದ ಕಂಡಿತೆಂದು ದೂರಿನ ಖಾತೆಗೆ ಹಾಕಿದರೂ ಅಷ್ಟೇ ಅಪಚಾರ. ವಾರಕ್ಕೆ ಹದಿನೈದಿಪ್ಪತ್ತು ಬರಹ ಬರುವ ಅಂಗಡಿಯಲ್ಲಿ ಇದಕ್ಕೆ ಯಂತ್ರ ತಂತ್ರ ಬೇಕಾಗಿಲ್ಲ. ಅರ್ಧ ಗಂಟೆ ಕೂತು ಓದಿ, ಪ್ರತಿ ದೂರಿನ ಮುಂದೆ ಏನಾಯಿತು ಎಂದು ಒಂದು ಸಾಲು ಬರೆದರೆ ಆಯಿತು. ಒಂದೇ ರಿವ್ಯೂದಲ್ಲಿ ಎರಡು ದೂರಿದ್ದರೆ ಎರಡು ಸಾಲು. ಸಾಲಿನಲ್ಲಿ ಕೊಂಡವರ ಮಾತೇ ಇರಲಿ. ‘ಪ್ಯಾಕಿಂಗ್ ಸಮಸ್ಯೆ’ ಎಂದು ಕಚೇರಿ ಭಾಷೆಗೆ ತಿರುಗಿಸಿಬಿಟ್ಟರೆ ಬಾಯಿ ಬಿಟ್ಟುಕೊಂಡದ್ದು, ಮೂಲೆ ಹರಿದದ್ದು, ಹೊರಗಿನ ರಟ್ಟಿನ ಪೆಟ್ಟಿಗೆ ನಜ್ಜುಗುಜ್ಜಾದದ್ದು ಮೂರೂ ಒಂದಾಗಿಬಿಡುತ್ತವೆ. ಕಾರಣ ಹುಡುಕುವಾಗ ಬೇಕಾಗುವುದು ಈ ವ್ಯತ್ಯಾಸವೇ.

ಈಗ ನಮ್ಮ ವ್ಯಾಪಾರಿಯ ಒಂದು ವಾರದ ಹಾಳೆಯನ್ನು ತೆರೆಯೋಣ. ಆ ವಾರ 31 ರೇಟಿಂಗ್ ಬಂದಿದೆ, ಅದರಲ್ಲಿ 17 ಮಂದಿ ಏನಾದರೂ ಬರೆದಿದ್ದಾರೆ; ಉಳಿದವರು ನಕ್ಷತ್ರ ಒತ್ತಿ ಸುಮ್ಮನಾಗಿದ್ದಾರೆ. ಖಾರವಿಲ್ಲ ಎಂದವರು ಐದು, ಪುಡಿ ಚೆಲ್ಲಿದೆ ಎಂದವರು ನಾಲ್ಕು, ತಡವಾಗಿ ಬಂತು ಎಂದವರು ಮೂರು. ರೂಢಿಯ ಪಟ್ಟಿಯಲ್ಲಾದರೆ ಇದೇ ಕ್ರಮ: ಖಾರಕ್ಕೆ ಮೊದಲ ಸ್ಥಾನ, ಚೆಲ್ಲುವುದಕ್ಕೆ ಎರಡನೆಯದು, ತಡಕ್ಕೆ ಮೂರನೆಯದು. ಹಾಳೆ ನೋಡಿದ ಕೂಡಲೇ ವ್ಯಾಪಾರಿಗೆ ಅನ್ನಿಸುವುದೂ ಒಂದೇ: ಜನ ಖಾರ ಕೇಳುತ್ತಿದ್ದಾರೆ, ಒಂದಿಷ್ಟು ಗುಂಟೂರು ಬೆರೆಸಿಬಿಡೋಣ.

ಸ್ವಲ್ಪ ತಡೆಯಿರಿ. ಹಿಂದಿನ ಐದು ವಾರಗಳನ್ನೂ ಸೇರಿಸಿ ಸಾಲಾಗಿ ಬರೆದು ನೋಡೋಣ. ಖಾರವಿಲ್ಲ ಎಂಬ ದೂರು ಬಂದದ್ದು ಐದು, ನಾಲ್ಕು, ಆರು, ಐದು, ನಾಲ್ಕು, ಈಗ ಐದು. ಪುಡಿ ಚೆಲ್ಲಿದೆ ಎಂಬುದು ಸೊನ್ನೆ, ಒಂದು, ಸೊನ್ನೆ, ಒಂದು, ಎರಡು, ಈಗ ನಾಲ್ಕು. ಮಾರಾಟ ಈ ಆರು ವಾರವೂ ನಾನೂರರ ಆಸುಪಾಸಿನಲ್ಲೇ ಇದೆ. ಮೊದಲನೆಯ ಸಾಲು ಮಲಗಿದೆ, ಎರಡನೆಯದು ಎದ್ದು ನಿಂತಿದೆ. ಇಷ್ಟು ಸಣ್ಣ ಸಂಖ್ಯೆಗಳನ್ನು ನಂಬಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ವಾರಕ್ಕೆ ಐದರ ರೂಢಿಯಿರುವ ದೂರು ಒಂದು ವಾರ ಎಂಟಕ್ಕೆ ಏರಿದರೆ ಗಾಬರಿಯಾಗಬೇಕಿಲ್ಲ. ಏನೂ ಬದಲಾಗದೆ ಬರೀ ಆಕಸ್ಮಿಕವಾಗಿಯೇ ಏಳೆಂಟು ವಾರಕ್ಕೊಮ್ಮೆ ಹಾಗಾಗುತ್ತದೆ ಎಂದು ಸಂಭವನೀಯತೆಯ ಗಣಿತ ಹೇಳುತ್ತದೆ. ಆದರೆ ಎರಡು ವಾರಕ್ಕೊಂದು ಬರುತ್ತಿದ್ದ ದೂರು ಒಂದೇ ವಾರದಲ್ಲಿ ನಾಲ್ಕು ಬಂದರೆ, ಅದು ಆಕಸ್ಮಿಕವಾಗಿ ಆಗುವುದು ಹನ್ನೊಂದು ವರ್ಷಕ್ಕೊಮ್ಮೆ. ನಾಲ್ಕು ವಾರ ನೋಡಿ ಕಟ್ಟಿದ ರೂಢಿ ಅಷ್ಟು ಗಟ್ಟಿಯಲ್ಲ ಎಂದು ಅರ್ಧಕ್ಕರ್ಧ ಕಳೆದರೂ ಎರಡಕ್ಕೂ ಅಜಗಜಾಂತರ ಉಳಿಯುತ್ತದೆ. ಐದು ದೊಡ್ಡದು, ನಾಲ್ಕು ಚಿಕ್ಕದು ಎಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಮುಂದಿನ ಹೆಜ್ಜೆ ಮಾರಾಟದ ಎದುರು ಇಡುವುದು. ನಮ್ಮ ವ್ಯಾಪಾರಿ 100 ಗ್ರಾಂ, 250 ಗ್ರಾಂ, 500 ಗ್ರಾಂ ಎಂದು ಮೂರು ಅಳತೆಯಲ್ಲಿ ಮಾರುತ್ತಾರೆ. ಮೂರಕ್ಕೂ ಪುಟ ಒಂದೇ, ಮೂರರ ರಿವ್ಯೂಗಳೂ ಅಲ್ಲಿ ಒಟ್ಟಿಗೇ ಬೀಳುತ್ತವೆ. ನಾನೂರಕ್ಕೆ ನಾಲ್ಕು ಚೆಲ್ಲಿದ್ದು ಎಂದರೆ ನೂರಕ್ಕೆ ಒಂದು. ದೂರದ ಊರಿಗೆ ಕೊರಿಯರ್‌ನಲ್ಲಿ ಹೋಗುವ ಸರಕಿಗೆ ಅದು ಮಹಾ ಅಪರಾಧವೇನಲ್ಲ ಎನ್ನಿಸುತ್ತದೆ. ಆದರೆ ರಿವ್ಯೂ ಬರೆದವರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ಅಳತೆಯ ಪೊಟ್ಟಣ ಎಂದು ಇರುತ್ತದೆ. ಅದನ್ನು ನೋಡಿದರೆ ನಾಲ್ಕೂ 500 ಗ್ರಾಮಿನವು. ಆ ಅಳತೆ ವಾರಕ್ಕೆ ಹೋಗುವುದು ಐವತ್ತು. ಐವತ್ತಕ್ಕೆ ನಾಲ್ಕು ಎಂದರೆ ನೂರಕ್ಕೆ ಎಂಟು. ಅದೂ ಬರೆಯುವ ತೊಂದರೆ ತೆಗೆದುಕೊಂಡವರು ಮಾತ್ರ. ಚೆಲ್ಲಿದ್ದನ್ನು ಒರೆಸಿ ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಸುಮ್ಮನಾದವರು ಇದರಲ್ಲಿಲ್ಲ. ನೂರಕ್ಕೆ ಒಂದು ಎಂಬ ಸಮಾಧಾನ ಸತ್ಯವೇ ಆಗಿತ್ತು. ಯಾರಿಗೂ ಉಪಯೋಗವಿಲ್ಲದ ಸತ್ಯ. ನೂರು ಗ್ರಾಮಿನವರಿಗೆ ಸೊನ್ನೆ, ಐನೂರು ಗ್ರಾಮಿನವರಿಗೆ ಎಂಟು. ಎರಡನ್ನೂ ಬೆರೆಸಿ ಒಂದು ಮಾಡಿದ್ದು ಪುಟದ ವ್ಯವಸ್ಥೆ.

ಚೆಲ್ಲಲು ಕಾರಣವೇನು? ಇಲ್ಲಿ ಕೊಂಡವರು ಹಾಕಿದ ಫೋಟೋಗಳು ಮಾತಾಡುತ್ತವೆ. ಪೊಟ್ಟಣದ ಹೊಟ್ಟೆಯಲ್ಲಿ ತೂತು ಬಿದ್ದಿದ್ದರೆ ದಾರಿಯಲ್ಲಿ ಏನೋ ಚುಚ್ಚಿದೆ. ಮೂಲೆ ಹರಿದಿದ್ದರೆ ಎತ್ತಿ ಒಗೆದಿದ್ದಾರೆ. ಬಿಟ್ಟದ್ದು ಸೀಲ್ ಹಾಕಿದ ಪಟ್ಟಿಯ ಗೆರೆಯಲ್ಲೇ ಆದರೆ ಕೊರಿಯರ್‌ನವರನ್ನು ಬೈದು ಫಲವಿಲ್ಲ. ತಪ್ಪು ಪ್ಯಾಕಿಂಗ್ ಕೋಣೆಯಲ್ಲೇ ಆಗಿದೆ. ನುಣ್ಣಗೆ ಬೀಸಿದ ಪುಡಿಯನ್ನು ತುಂಬುವಾಗ ಧೂಳು ಏಳುತ್ತದೆ. ಅದು ಪೌಚಿನ ಬಾಯಿಯ ಒಳಮೈಗೆ ಅಂಟಿಕೊಂಡಿರುವಾಗಲೇ ಬಿಸಿ ಪಟ್ಟಿ ಒತ್ತಿದರೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕೂಡುವ ಬದಲು ನಡುವೆ ಪುಡಿ ಸಿಕ್ಕಿಕೊಳ್ಳುತ್ತದೆ. ನೋಡಲು ಸೀಲ್ ಚೆನ್ನಾಗಿಯೇ ಇರುತ್ತದೆ. ಮೇಲೆ ನಾಲ್ಕು ಪಾರ್ಸೆಲ್ ಬಿದ್ದು ಒಳಗಿನ ಗಾಳಿ ಒತ್ತಿದಾಗ ಪುಡಿ ಸಿಕ್ಕ ಜಾಗದಲ್ಲಿ ಅದು ಬಾಯಿ ಬಿಡುತ್ತದೆ. ಪತ್ತೆ ಮಾಡುವುದು ಕಷ್ಟವಲ್ಲ. ಬೆಳಕಿಗೆ ಹಿಡಿದರೆ ಸೀಲಿನ ಅಗಲದೊಳಗೆ ಕೂದಲೆಳೆಯಂಥ ಕೆಂಪು ಗೆರೆಗಳು ಕಾಣುತ್ತವೆ. ಪೌಚಿನಲ್ಲಿ ಬಣ್ಣದ ಅಚ್ಚಿದ್ದು ಬೆಳಕು ಹಾಯದಿದ್ದರೆ, ಪೊಟ್ಟಣವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಅಂಗೈಯಿಂದ ಒತ್ತಬೇಕು. ಸೀಲಿನಿಂದ ಗುಳ್ಳೆ ಬಂದರೆ ಅದು ಸೋರುವ ಪೊಟ್ಟಣ.

ಹಾಗಾದರೆ ಅದೇ ಯಂತ್ರ, ಅದೇ ಕೈ, ಐನೂರು ಗ್ರಾಮಿಗೆ ಮಾತ್ರ ಯಾಕೆ? ಈಗ ಖರೀದಿಯ ಪುಸ್ತಕ ತೆರೆಯಬೇಕು. ನಾಲ್ಕು ವಾರದ ಹಿಂದೆ 500 ಗ್ರಾಮಿನ ಪೌಚನ್ನು ಬೇರೆ ಕಡೆಯಿಂದ ತರಿಸಿದ್ದಾರೆ. ಉದ್ದ ಎರಡು ಸೆಂಟಿಮೀಟರ್ ಕಡಿಮೆ, ಬೆಲೆಯೂ ಕಡಿಮೆ. ಅಷ್ಟೇ ಪುಡಿ ಗಿಡ್ಡ ಪೌಚಿಗೆ ಹೋದಾಗ ಕತ್ತಿನವರೆಗೆ ಬರುತ್ತದೆ, ಸೀಲ್ ಬೀಳುವ ಜಾಗಕ್ಕೇ ಧೂಳು ತಗಲುತ್ತದೆ. ಪೌಚು ಬದಲಾದ ವಾರವೇ ದೂರು ಏರಲಿಲ್ಲ ಎಂಬುದನ್ನು ಗಮನಿಸಿ. ತುಂಬಿದ್ದು ಗೋದಾಮಿಗೆ ಹೋಗಬೇಕು, ಮಾರಾಟವಾಗಬೇಕು, ಊರು ಸೇರಬೇಕು, ಯಾರೋ ಬಿಚ್ಚಬೇಕು, ಬರೆಯುವ ಮನಸ್ಸು ಮಾಡಬೇಕು. ಎರಡು ಮೂರು ವಾರ ಹಿಡಿಯುತ್ತದೆ. ಈ ವಾರದ ದೂರಿಗೆ ಈ ವಾರದ ಕೆಲಸಗಾರರನ್ನು ಬೈಯುವ ವ್ಯಾಪಾರಿ ಸಂಬಂಧವೇ ಇಲ್ಲದವರನ್ನು ಬೈಯುತ್ತಿರುತ್ತಾರೆ. ಪರಿಹಾರ ಹಳೆಯ ಉದ್ದದ ಪೌಚಿಗೆ ಮರಳುವುದು, ಉದ್ದ ಕತ್ತಿನ ಲಾಳಿಕೆ ಇಟ್ಟು ತುಂಬುವುದು, ಬಾಯಿಯ ಒಳಮೈಯನ್ನು ಒಣ ಬಟ್ಟೆಯಿಂದ ಒರೆಸಿ ಆಮೇಲೆ ಸೀಲ್ ಒತ್ತುವುದು. ಸೀಲಿನ ಬಿಸಿ ಹೆಚ್ಚಿಸಿದರಾಯಿತು ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ನಡುವೆ ಸಿಕ್ಕಿರುವ ಪುಡಿ ಬಿಸಿಗೆ ಕರಗುವುದಿಲ್ಲ.

ಖಾರದ ದೂರಿಗೆ ಈಗ ಮರಳೋಣ. ಅದು ವಾರವಾರವೂ ಒಂದೇ ಮಟ್ಟದಲ್ಲಿದೆ ಎಂದರೆ ನಿರ್ಲಕ್ಷಿಸಬಹುದು ಎಂದಲ್ಲ. ಅದರ ಬೇರು ಯಾವ ವಾರದ ಘಟನೆಯಲ್ಲೂ ಇಲ್ಲ ಎಂದರ್ಥ. ಮೊದಲಿಂದ ಇರುವ ಯಾವುದೋ ಒಂದು ಸಂಗತಿ ದಿನವೂ ಹೊಸ ಹೊಸ ಜನರನ್ನು ತಪ್ಪುದಾರಿಗೆ ಎಳೆಯುತ್ತಿದೆ. ಪುಟದ ಮೊದಲ ಸಾಲು ಓದಿದರೆ ಅದು ಸಿಗುತ್ತದೆ: ‘ಅಪ್ಪಟ ಬ್ಯಾಡಗಿ, ಘಾಟು ಖಾರದ ಪುಡಿ’. ಘಾಟು ಖಾರ ಎಂದು ನಂಬಿ ಕೊಂಡವರಿಗೆ ಬ್ಯಾಡಗಿ ಸಿಕ್ಕಿದೆ. ಪುಡಿ ಚೆನ್ನಾಗಿದೆ, ಮಾತು ಸುಳ್ಳಾಗಿದೆ. ಇಲ್ಲಿ ಗುಂಟೂರು ಬೆರೆಸುವುದು ಎಷ್ಟು ದೊಡ್ಡ ಎಡವಟ್ಟು ಎಂದು ನೋಡಿ. ಖಾರವಿಲ್ಲ ಎಂದ ಐವರು ಈಗಾಗಲೇ ಹೋಗಿಯಾಗಿದೆ. ಬಣ್ಣಕ್ಕಾಗಿಯೇ ತಿಂಗಳು ತಿಂಗಳೂ ಕೊಳ್ಳುವವರು ಮುಂದಿನ ಪೊಟ್ಟಣದಲ್ಲಿ ಬೇರೆಯದೇ ಪುಡಿ ಕಂಡು ಹೋಗುತ್ತಾರೆ. ಮೇಲಾಗಿ ಅಪ್ಪಟ ಬ್ಯಾಡಗಿ ಎಂಬ ಲೇಬಲ್ಲು ಆಮೇಲೆ ನಿಜವಾಗಿಯೂ ಸುಳ್ಳಾಗುತ್ತದೆ. ಮಾಡಬೇಕಾದ್ದು ಒಂದು ಸಾಲು ತಿದ್ದುವುದು: ಬಣ್ಣ ಹೆಚ್ಚು, ಖಾರ ಕಡಿಮೆ, ಖಾರ ಬೇಕಿದ್ದವರು ಗುಂಟೂರು ಬೆರೆಸಿಕೊಳ್ಳಿ. ಇದರಿಂದ ಮಾರಾಟ ಸ್ವಲ್ಪ ಇಳಿಯಬಹುದು. ಇಳಿಯುವುದು ಒಂದು ನಕ್ಷತ್ರ ಕೊಡಲಿದ್ದವರ ಪಾಲಿನ ಮಾರಾಟ. ತಿನ್ನುವ ಪದಾರ್ಥವನ್ನು ಒಡೆದ ಮೇಲೆ ಬಹುತೇಕ ಕಡೆ ಹಿಂದಿರುಗಿಸಲಾಗುವುದಿಲ್ಲ. ತಪ್ಪಾಗಿ ಕೊಂಡವರಿಗೆ ಉಳಿದಿರುವ ದಾರಿ ಬರೆಯುವುದೊಂದೇ, ಅವರು ಬರೆದೇ ಬರೆಯುತ್ತಾರೆ.

ತಡವಾಗಿ ಬಂತು ಎಂಬ ಮೂರನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳಬೇಕಾಗಿಲ್ಲ. ಸರಕು ಮಾರುಕಟ್ಟೆಯವರ ಗೋದಾಮಿನಿಂದ ಅವರದೇ ವಾಹನದಲ್ಲಿ ಹೋಗಿದ್ದರೆ ಅದರ ಹೊಣೆ ಮಾರಿದವರದ್ದಲ್ಲ. ಅಂಥ ಸೆಲ್ಲರ್ ಫೀಡ್‌ಬ್ಯಾಕನ್ನು ಅಮೆಜಾನ್ ಗೆರೆ ಎಳೆದು ಲೆಕ್ಕದಿಂದ ಹೊರಗಿಡುತ್ತದೆ, ಕೇಳಿಕೊಳ್ಳಬೇಕಷ್ಟೆ. ಸ್ವಂತವಾಗಿ ಕೊರಿಯರ್‌ಗೆ ಕೊಡುವವರಾದರೆ ತಡವಾದ ಆರ್ಡರುಗಳ ಪಿನ್‌ಕೋಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡಲಿ. ಒಂದೇ ಸೀಮೆಯವಾದರೆ ಕೊರಿಯರ್‌ನವರ ಜತೆ ಮಾತಾಡಲು ವಿಷಯ ಸಿಕ್ಕಿತು.

ಈ ವಾದಕ್ಕೆ ಬರುವ ಆಕ್ಷೇಪಗಳು ಸಣ್ಣವಲ್ಲ. ರಿವ್ಯೂಗಳೇ ಸುಳ್ಳು, ಎದುರಾಳಿಗಳು ಬರೆಸುತ್ತಾರೆ, ಅವನ್ನು ನೆಚ್ಚಿ ಪೌಚು ಬದಲಿಸಬೇಕೇ ಎಂದು ಕೇಳುವವರಿದ್ದಾರೆ. ಸುಳ್ಳು ರಿವ್ಯೂಗಳಿವೆ ಎಂಬುದನ್ನು ಸರ್ಕಾರವೇ ಒಪ್ಪಿದೆ. 2020ರ ಇ-ವಾಣಿಜ್ಯ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಮಾರುವವರು ಗ್ರಾಹಕರ ವೇಷ ಹಾಕಿ ತಮ್ಮ ಸರಕಿಗೆ ರಿವ್ಯೂ ಬರೆಯುವಂತಿಲ್ಲ. 2022ರಲ್ಲಿ ಭಾರತೀಯ ಮಾನಕ ಬ್ಯೂರೋ ರಿವ್ಯೂಗಳನ್ನು ಹೇಗೆ ಪಡೆಯಬೇಕು, ಹೇಗೆ ಪರಿಶೀಲಿಸಿ ಪ್ರಕಟಿಸಬೇಕು ಎಂಬುದಕ್ಕೆ ಐ.ಎಸ್. 19000 ಎಂಬ ಮಾನದಂಡವನ್ನೇ ತಂದಿತು. ಆದರೆ ಸುಳ್ಳು ದೂರಿಗೆ ಒಂದು ಚಹರೆ ಇರುತ್ತದೆ: ಅದು ‘ಕೆಟ್ಟ ಸರಕು, ದುಡ್ಡು ದಂಡ’ ಎನ್ನುತ್ತದೆ, ಮುಂದೆ ಹೋಗುವುದಿಲ್ಲ. ಐನೂರು ಗ್ರಾಮಿನ ಪೌಚಿನ ಮೇಲಿನ ಸೀಲ್ ಎಡಗಡೆ ಬಿಟ್ಟಿತ್ತು ಎಂದು, ಪೌಚು ಬದಲಾದ ನಾಲ್ಕೇ ವಾರಕ್ಕೆ, ಒಬ್ಬರಿಗೊಬ್ಬರು ಗೊತ್ತಿಲ್ಲದ ನಾಲ್ವರು ಸುಳ್ಳು ಹೇಳುವುದು ಕಷ್ಟ. ವಿವರವಿರುವ ದೂರನ್ನು ಎಣಿಸುವುದು, ವಿವರವಿಲ್ಲದ್ದನ್ನು ಬೇರೆ ಸಾಲಿಗೆ ಹಾಕುವುದು, ಇಷ್ಟು ಮಾಡಿದರೆ ಸುಳ್ಳಿನ ಬಹುಪಾಲು ತಾನೇ ಜರಡಿಯಿಂದ ಉದುರುತ್ತದೆ. ಸ್ವಂತ ಅಂಗಡಿಗೆ ನೆಂಟರಿಷ್ಟರಿಂದ ಐದು ನಕ್ಷತ್ರ ಹಾಕಿಸುವವರು ಮೋಸ ಮಾಡಿಕೊಳ್ಳುವುದು ತಮ್ಮ ಹಾಳೆಗೇ. ರಾಶಿ ದೊಡ್ಡದಾದಷ್ಟೂ ಅದರೊಳಗಿನ ಇಪ್ಪತ್ತು ಇನ್ನಷ್ಟು ಕಾಣದಾಗುತ್ತವೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬರೆಯುವವರು ಕೊಂಡವರೆಲ್ಲರ ಪ್ರತಿನಿಧಿಗಳಲ್ಲ. ತುಂಬ ಮೆಚ್ಚಿದವರು ಬರೆಯುತ್ತಾರೆ, ತುಂಬ ಸಿಟ್ಟಾದವರು ಬರೆಯುತ್ತಾರೆ, ನಡುವಿನವರು ಸುಮ್ಮನಿರುತ್ತಾರೆ. ಸಂಶೋಧಕರು ಇದನ್ನು ಇಂಗ್ಲಿಷಿನ ‘ಜೆ’ ಅಕ್ಷರದ ಆಕಾರದ ಹಂಚಿಕೆ ಎಂದು ಗುರುತಿಸಿದ್ದಾರೆ. ಒಪ್ಪಿದೆ. ಕೊಂಡವರಲ್ಲಿ ಎಷ್ಟು ಮಂದಿ ತೃಪ್ತರು ಎಂದು ತಿಳಿಯಲು ರಿವ್ಯೂ ಓದುವುದಾದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ವಾರದ ಹಾಳೆ ಕೇಳುವ ಪ್ರಶ್ನೆ ಅದಲ್ಲ. ಓರೆಯಾದ ತಕ್ಕಡಿಯಲ್ಲಿ ನಿಜವಾದ ತೂಕ ಸಿಕ್ಕದಿದ್ದರೂ, ಅದೇ ತಕ್ಕಡಿಯಲ್ಲಿ ವಾರವಾರ ತೂಗಿದರೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ತಿಳಿಯುತ್ತದೆ. ಒಂದು ಎಚ್ಚರಿಕೆ ಬೇಕು: ತಕ್ಕಡಿಯ ಓರೆಯೇ ಬದಲಾಗುವ ವಾರಗಳಿವೆ. ದೀಪಾವಳಿಯ ಭಾರೀ ರಿಯಾಯಿತಿಯಲ್ಲಿ ಎಂದೂ ಈ ಪುಡಿ ಕೊಳ್ಳದವರು ಕೊಳ್ಳುತ್ತಾರೆ, ಖಾರವಿಲ್ಲ ಎಂಬ ದೂರು ಅವರಿಂದ ಉಕ್ಕುತ್ತದೆ. ಅಂಥ ವಾರದ ಪಕ್ಕದಲ್ಲಿ ಹಾಗೆಂದು ಬರೆದಿಡಬೇಕು, ಹಿಂದಿನ ವಾರಗಳ ಜತೆ ಹೋಲಿಸಬಾರದು.

ಆರು ವಾರ ನೋಡಬೇಕು, ಮಾರಾಟದ ಎದುರು ಇಡಬೇಕು ಎಂಬ ಈ ಎಲ್ಲ ಸಾವಧಾನಕ್ಕೆ ನಾನೇ ಒಂದು ಅಪವಾದ ಸೇರಿಸುತ್ತೇನೆ. ಪುಡಿಯಲ್ಲಿ ಹುಳ ಕಂಡಿತು, ಬೂಸಲು ವಾಸನೆ, ಗಾಜಿನ ಚೂರು ಎಂದು ಒಬ್ಬರೇ ಒಬ್ಬರು ಬರೆದರೂ ಅಲ್ಲಿ ಎಣಿಕೆಯ ಮಾತಿಲ್ಲ. ತಿನ್ನುವ ಪದಾರ್ಥದಲ್ಲಿ ಅಂಥದ್ದು ಎರಡನೆಯ ಸಲ ಆಗಲಿ ಎಂದು ಕಾಯುವಂತಿಲ್ಲ. ಆ ಬ್ಯಾಚಿನ ಮಾರಾಟ ಅಂದೇ ನಿಲ್ಲಬೇಕು, ಎತ್ತಿಟ್ಟ ಮಾದರಿಯನ್ನು ಬಿಚ್ಚಿ ನೋಡಬೇಕು. ದೂರು ಸುಳ್ಳೆಂದು ಆಮೇಲೆ ತಿಳಿದರೆ ಎರಡು ದಿನದ ಮಾರಾಟ ಹೋಯಿತು, ಅಷ್ಟೆ.

ಇಷ್ಟೆಲ್ಲ ಮಾಡಿ ಪೌಚು ಬದಲಿಸಿದ ಮುಂದಿನ ವಾರ ಹಾಳೆ ತೆರೆದರೆ ಚೆಲ್ಲಿದೆ ಎಂಬ ದೂರು ಐದು ಇರಬಹುದು. ವ್ಯಾಪಾರಿ ಎದೆಗುಂದುವ, ಹೊಸ ಏರ್ಪಾಡೂ ಕೆಲಸ ಮಾಡಲಿಲ್ಲ ಎಂದು ಇನ್ನೇನನ್ನೋ ಬದಲಿಸಿಬಿಡುವ ಗಳಿಗೆ ಅದು. ಆದರೆ ಗಿಡ್ಡ ಪೌಚುಗಳು ಇನ್ನೂ ಗೋದಾಮಿನಲ್ಲಿವೆ, ದಾರಿಯಲ್ಲಿವೆ, ಕೊಂಡವರ ಅಡುಗೆಮನೆಯ ಮೇಲಟ್ಟದಲ್ಲಿ ಬಿಚ್ಚದೆ ಕೂತಿವೆ. ದೂರು ಬರಲು ಎರಡು ಮೂರು ವಾರ ಹಿಡಿದ ಹಾಗೆ ನಿಲ್ಲಲೂ ಅಷ್ಟು ಹಿಡಿಯುತ್ತದೆ. ಯಾವುದು ಹಳೆಯ ಪೌಚಿನ ದೂರು, ಯಾವುದು ಹೊಸದರದ್ದು ಎಂದು ಬೇರ್ಪಡಿಸುವ ಗುರುತು ಪ್ರತಿ ಪೊಟ್ಟಣದ ಬೆನ್ನ ಮೇಲೆ ಮೊದಲೇ ಅಚ್ಚಾಗಿದೆ. ಹಣ ವಾಪಸು ಕೇಳಿದವರಿಗೆ ಬರೆಯುವ ಉತ್ತರದಲ್ಲಿ ಕ್ಷಮೆಯ ಜತೆಗೆ ಇನ್ನೊಂದು ಸಾಲು ಸೇರಿಸಿದರೆ ಸಾಕು: ಪೊಟ್ಟಣದ ಹಿಂದೆ ಇರುವ ಪ್ಯಾಕಿಂಗ್ ದಿನಾಂಕ ಯಾವುದೆಂದು ದಯವಿಟ್ಟು ತಿಳಿಸುವಿರಾ?